ಹಳ್ಳಿವಾರು ಸರಾಸರಿ ಸರಿಯಿದ್ದರೂ ಒಟ್ಟು ಸರಾಸರಿ ತಪ್ಪಾಗುವುದು ಹೇಗೆ?

ಪ್ರಶ್ನೆ: ರಿಪೋರ್ಟಿನಲ್ಲಿ ಒಂದೊಂದು ಹಳ್ಳಿಯ ಸರಾಸರಿ ಇದೆ, ಕೊನೆಯ ಸಾಲಿನಲ್ಲಿ ಒಟ್ಟು ಸರಾಸರಿ ಇದೆ. ಆ ಕೊನೆಯ ಅಂಕಿ ಸರಿಯೋ ತಪ್ಪೋ ಹೇಗೆ ಗೊತ್ತಾಗುತ್ತೆ?

ಮಂಡ್ಯದ ಕಡೆ ಕಬ್ಬಿನ ಲೆಕ್ಕ ಬರೆಯುವ ಕೆಲಸ ನನ್ನದು. ಒಮ್ಮೆ ನನ್ನ ಕೈಗೆ ಬಂದ ಪಟ್ಟಿ ಹೀಗಿತ್ತು. ನಾಲೆಯ ಕೊನೆ ಭಾಗದ ಹಳ್ಳಿಯಲ್ಲಿ 400 ಎಕರೆ, ಎಕರೆಗೆ 42 ಟನ್. ನಾಲೆಯ ಪಕ್ಕದಲ್ಲೇ ಇರುವ ಹಳ್ಳಿಯಲ್ಲಿ ಬರೀ 50 ಎಕರೆ, ಆದರೆ ಎಕರೆಗೆ 60 ಟನ್. ಮೂರನೆಯದರಲ್ಲಿ 150 ಎಕರೆ, 48 ಟನ್. ಕೊನೆಯಲ್ಲಿ "ಸರಾಸರಿ 50 ಟನ್" ಅಂತ ಬರೆದಿತ್ತು.

ನೋಡಿದರೆ ಅನುಮಾನ ಬರುವುದೇ ಇಲ್ಲ. 42ಕ್ಕೂ 60ಕ್ಕೂ ನಡುವೆ ಇದೆ ಅಲ್ವಾ? ಈ ತಪ್ಪು ಕಣ್ಣಿಗೆ ಬೀಳದೆ ಉಳಿಯುವುದೇ ಹಾಗೆ. ತಪ್ಪಾದ ಅಂಕಿಯೂ ನಂಬುವ ಹಾಗೇ ಇರುತ್ತದೆ.

ನಾನು ಮಾಡುವ ಪರೀಕ್ಷೆ ಒಂದೇ: ಸರಾಸರಿಯನ್ನು ವಾಪಸ್ ಗುಣಿಸಿ ನೋಡುವುದು. ಒಟ್ಟು 600 ಎಕರೆ. ಎಕರೆಗೆ 50 ಟನ್ ಆದರೆ 30,000 ಟನ್ ಕಬ್ಬು ಬಂದಿರಬೇಕು. ತೂಕದ ಚೀಟಿಗಳನ್ನು ಕೂಡಿದರೆ 16,800, 3,000, 7,200. ಒಟ್ಟು 27,000 ಟನ್ ಮಾತ್ರ. ಗದ್ದೆಯಲ್ಲಿ ಇಲ್ಲದ 3,000 ಟನ್ ಕಾಗದದ ಮೇಲೆ ಬೆಳೆದಿತ್ತು. ಅದನ್ನು ನಂಬಿ ಮುಂದಿನ ಕಟಾವಿಗೆ ಆಳು, ಲಾರಿ ಹೇಳಿದ್ದರೆ ಎಷ್ಟು ಗಾಡಿ ಖಾಲಿ ನಿಲ್ಲುತ್ತಿದ್ದವೋ.

27,000ವನ್ನು 600ರಿಂದ ಭಾಗಿಸಿದರೆ ನಿಜವಾದ ಸರಾಸರಿ 45 ಟನ್. ಪಟ್ಟಿ ಮಾಡಿದವರು 42, 60, 48 ಕೂಡಿ ಮೂರರಿಂದ ಭಾಗಿಸಿದ್ದರು. ಅಲ್ಲಿಗೆ 50 ಎಕರೆಯ ಹಳ್ಳಿಗೂ 400 ಎಕರೆಯ ಹಳ್ಳಿಗೂ ಒಂದೇ ಪ್ರಾಮುಖ್ಯ ಸಿಕ್ಕಿತು. ಎಕ್ಸೆಲ್‌ನಲ್ಲಿ ಮೊದಲನೆಯದು ತಪ್ಪು, ಎರಡನೆಯದು ಸರಿ (B ಎಕರೆ, C ಇಳುವರಿ):

```
=AVERAGE(C2:C4)
=SUMPRODUCT(B2:B4,C2:C4)/SUM(B2:B4)
```

ರಿಪೋರ್ಟಿನಲ್ಲಿ ಎಕರೆ ಕೊಟ್ಟೇ ಇಲ್ಲ ಅಂದ್ರೆ? ಆಗ ನೀವೇ ಸಾಲುಗಳನ್ನು ಸುಮ್ನೆ ಕೂಡಿ ಭಾಗಿಸಿ. ಉತ್ತರ ಕೊನೆಯ ಅಂಕಿಗೆ ಸರಿಯಾಗಿ ಹೊಂದಿದರೆ ಎಕರೆ ಕೇಳಿ ತರಿಸಿಕೊಳ್ಳಿ. ಹೊಂದಿದ ಮಾತ್ರಕ್ಕೆ ತಪ್ಪು ಅಂತ ಹೇಳಲಾಗದು. ಎಲ್ಲ ಹಳ್ಳಿಗಳ ಎಕರೆ ಒಂದೇ ಇದ್ದರೆ, ಇಲ್ಲವೇ ಎಲ್ಲರ ಇಳುವರಿ ಒಂದೇ ಇದ್ದರೆ ಎರಡೂ ದಾರಿಯಲ್ಲಿ ಅದೇ ಅಂಕಿ ಬರುತ್ತದೆ. ಒಟ್ಟು ಸರಾಸರಿ ನಿಜಕ್ಕಿಂತ ಜಾಸ್ತಿ ಕಾಣುವುದು ನಮ್ಮ ಪಟ್ಟಿಯ ಹಾಗೆ ದೊಡ್ಡ ಹಳ್ಳಿಯಲ್ಲಿ ಇಳುವರಿ ಕಡಿಮೆ, ಚಿಕ್ಕದರಲ್ಲಿ ಜಾಸ್ತಿ ಇದ್ದಾಗ.

ತಿದ್ದುವಾಗಲೂ ಒಂದು ಕಡೆ ಎಡವುತ್ತಾರೆ. ಎಕರೆಯ ಬದಲು ರೈತರ ಸಂಖ್ಯೆಯಿಂದ ಗುಣಿಸಿಬಿಡುತ್ತಾರೆ. ಇಳುವರಿಯನ್ನು "ಎಕರೆಗೆ" ಅಂತ ಹೇಳಿದ್ದರೆ ಎಕರೆಯಿಂದಲೇ ಗುಣಿಸಬೇಕು. "ಒಬ್ಬ ರೈತನಿಗೆ ಇಷ್ಟು ಟನ್" ಅಂತಿದ್ದರೆ ಮಾತ್ರ ರೈತರ ಸಂಖ್ಯೆ.