ಬೇಸ್‌ಮೆಂಟ್ ಪ್ಯಾನೆಲ್‌ಗೆ ಒಂದಡಿ ಕಟ್ಟೆ ಸಾಕಾ?

"ಬೆಳಗಾವಿಯಲ್ಲಿ ನಮ್ಮ ಅಪಾರ್ಟ್‌ಮೆಂಟ್‌ನ ಮೇನ್ ಪ್ಯಾನೆಲ್ ಬೇಸ್‌ಮೆಂಟ್‌ನಲ್ಲಿದೆ. ಮಳೆ ನೀರು ನುಗ್ಗದಂತೆ ಅದರ ಸುತ್ತ ಒಂದಡಿ ಕಟ್ಟೆ ಕಟ್ಟಿ ಪಂಪ್ ಇಟ್ಟರೆ ಸಾಕು ಅಂತಾರೆ ಕಂಟ್ರಾಕ್ಟರ್. ಸಾಕಾ?"

ಸಾಕಾಗಲ್ಲ ಸರ್. ಕಟ್ಟೆ ಬೇಕೇ ಬೇಕು, ಆದರೆ ಅದು ನೆಲದ ಮೇಲಿನ ತೆಳುವಾದ ನೀರಿಗೆ ಮಾತ್ರ.

ಒಂದು ಲೆಕ್ಕ ನೋಡಿ. ನಿಮ್ಮ ರ‍್ಯಾಂಪ್ 60 ಚದರ ಮೀಟರ್ ಇದೆ, ಗಂಟೆಗೆ 50 ಮಿಮೀ ಮಳೆ ಬಿತ್ತು ಅಂದುಕೊಳ್ಳಿ. ನಿಮಿಷಕ್ಕೆ 50 ಲೀಟರ್ ಒಳಗೆ ಬರುತ್ತದೆ. ಆ ನೀರು ಸೇರುವ 1000 ಲೀಟರ್ ಸಂಪ್ 20 ನಿಮಿಷದಲ್ಲಿ ತುಂಬುತ್ತದೆ. ಪಂಪ್ ಓಡುತ್ತಿದ್ದರೆ ಚಿಂತೆ ಇಲ್ಲ. ಆದರೆ ಪಂಪ್‌ಗೆ ಕರೆಂಟ್ ಅದೇ ಪ್ಯಾನೆಲ್‌ನಿಂದ ಬರುತ್ತಿದ್ದರೆ? ಪ್ಯಾನೆಲ್ ಟ್ರಿಪ್ ಆದ ಕೂಡಲೇ ಪಂಪ್ ಕೂಡ ನಿಲ್ಲುತ್ತದೆ, ಬೇಕಾದ ಹೊತ್ತಿಗೇ ಕೈ ಕೊಡುತ್ತದೆ.

ಅದಕ್ಕೇ ಪಂಪ್‌ನ ಸ್ಟಾರ್ಟರ್ ನೆಲಮಹಡಿಯಲ್ಲಿರಲಿ, ಜನರೇಟರ್ ಲೈನ್ ಬೇರೆಯಾಗಿ ಬರಲಿ. ಫ್ಲೋಟ್ ಸ್ವಿಚ್ ಇರುವ ಎರಡು ಪಂಪ್ ಹಾಕಿಸಿ. ಸಂಪ್ ಪ್ಯಾನೆಲ್ ರೂಮಿನ ಹೊರಗೆ, ಅತಿ ತಗ್ಗಿನ ಜಾಗದಲ್ಲಿರಲಿ. ಹೊರಹೋಗುವ ಪೈಪ್‌ಗೆ ನಾನ್-ರಿಟರ್ನ್ ವಾಲ್ವ್ ಇಲ್ಲದಿದ್ದರೆ ರಸ್ತೆ ಚರಂಡಿಯ ನೀರು ವಾಪಸ್ ಬರುತ್ತದೆ.

ನಿಜವಾದ ಅಪಾಯ ರ‍್ಯಾಂಪಿನ ಮಳೆ ಅಲ್ಲ, ರಸ್ತೆ ತುಂಬಿ ಒಳಗೆ ಉಕ್ಕುವ ನೀರು. ಅದಕ್ಕೆ ಯಾವ ಪಂಪೂ ಸಾಲದು. ರ‍್ಯಾಂಪಿನ ತಲೆಯಲ್ಲಿ ರಸ್ತೆಗಿಂತ ಎತ್ತರದ ದಿಬ್ಬ ಬೇಕು.

ಇನ್ನೊಂದು, ಎಲ್ಲರೂ ಮರೆಯೋದು: ಕೇಬಲ್ ಒಳಬರುವ ಪೈಪ್. ಬಾಯಿ ಸೀಲ್ ಆಗಿರದಿದ್ದರೆ ನೀರು ಅದರೊಳಗಿಂದ ಹರಿದು ಕಟ್ಟೆಯೊಳಗಿನ ಟ್ರೆಂಚ್‌ಗೆ ಇಳಿಯುತ್ತದೆ. ಪೈಪ್ ಕೆಳಗಿನ ಗೋಡೆಯಲ್ಲಿ ಬಿಳಿ ಉಪ್ಪಿನ ಗೆರೆ ಕಂಡರೆ ಈಗಾಗಲೇ ಇಳಿಯುತ್ತಿರಬಹುದು.

ಕಟ್ಟಡ ಇನ್ನೂ ಮುಗಿದಿಲ್ಲದಿದ್ದರೆ ಪ್ಯಾನೆಲ್ ಅನ್ನೇ ನೆಲಮಹಡಿಗೆ ಏರಿಸಿಬಿಡಿ. ಒಂದು ಪಾರ್ಕಿಂಗ್ ಜಾಗ ಹೋಗಬಹುದು, ಅಷ್ಟೇ ಅಲ್ವಾ?