ಶಂಖಕ್ಕೆ ಇರುವ ಸ್ವಾತಂತ್ರ್ಯ ಕೋಬಾಲ್ಟ್‌ಗೆ ಯಾಕಿಲ್ಲ?

ಪ್ರಶ್ನೆ: ಕೋಬಾಲ್ಟ್ ಬೀಟಾ ಕ್ಷಯದಲ್ಲಿ ಪ್ಯಾರಿಟಿ ಮುರಿಯಿತು ಅಂತ ಓದಿದೆ. ಎಲೆಕ್ಟ್ರಾನ್‌ಗಳು ಒಂದು ಕಡೆ ಜಾಸ್ತಿ ಹೋದರೆ ವಿಜ್ಞಾನಿಗಳು ಅಷ್ಟು ಬೆಚ್ಚಿಬಿದ್ದಿದ್ದು ಯಾಕೆ? ನಮ್ಮ ಕಾರವಾರದ ಸಮುದ್ರದಂಡೆಯಲ್ಲಿ ಸಿಗುವ ಶಂಖಗಳೂ ಹೆಚ್ಚುಕಮ್ಮಿ ಎಲ್ಲವೂ ಒಂದೇ ಕಡೆ ಸುತ್ತಿರುತ್ತವಲ್ಲ?

ಉತ್ತರ: ಶಂಖವನ್ನು ನೆನಪಿಸಿದ್ದು ಒಳ್ಳೆಯದಾಯ್ತು. ಅದನ್ನೇ ಹಿಡಿದು ಹೋಗೋಣ. ಒಂದು ಶಂಖವನ್ನು ಕನ್ನಡಿಯ ಮುಂದೆ ಹಿಡಿಯಿರಿ. ಒಳಗೆ ಕಾಣುವುದು ಉಲ್ಟಾ ಸುತ್ತಿನ ಶಂಖ. ಅಂಥದ್ದು ನಿಜವಾಗಿಯೂ ಇದೆ. ಪೂಜೆಗೆ ಹುಡುಕಿ ತರುವ ಬಲಮುರಿ ಶಂಖ ಅದೇ. ತೀರಾ ಅಪರೂಪ, ಆದರೆ ಅದರೊಳಗಿನ ಜೀವಿಯೂ ಸಮುದ್ರದಲ್ಲಿ ಬದುಕಿ ಬೆಳೆದದ್ದೇ. ಒಂದೇ ಕಡೆಯ ಸುತ್ತು ಹೆಚ್ಚಾಗಿ ಕಾಣುವುದು ವಂಶದಿಂದ ಬಂದ ಗುಣ. ಇನ್ನೊಂದು ಸುತ್ತು ಕೂಡದು ಅಂತ ಭೌತಶಾಸ್ತ್ರದ ಯಾವ ನಿಯಮವೂ ಹೇಳುವುದಿಲ್ಲ.

1956ರವರೆಗೆ ಎಲ್ಲರೂ ನಂಬಿದ್ದು ಇದನ್ನೇ. ಕನ್ನಡಿಯಲ್ಲಿ ಕಾಣುವ ಯಾವ ಘಟನೆಯೂ ಹೊರಗೆ ನಡೆಯಬಹುದಾದದ್ದೇ, ಅದೂ ಅಷ್ಟೇ ಸಹಜವಾಗಿ. ಪ್ಯಾರಿಟಿ ಉಳಿಯುತ್ತದೆ ಅನ್ನುವುದರ ಅರ್ಥ ಇಷ್ಟೇ.

ಈಗ ಕೋಬಾಲ್ಟ್‌ಗೆ ಬನ್ನಿ. ನ್ಯೂಕ್ಲಿಯಸ್ಸು ಒಂದು ಎಲೆಕ್ಟ್ರಾನ್ ಬಿಟ್ಟು ಬೇರೆ ಧಾತುವಿನದಾಗುವುದೇ ಬೀಟಾ ಕ್ಷಯ. ಕೋಬಾಲ್ಟ್-60ರ ಒಂದು ನ್ಯೂಕ್ಲಿಯಸ್ಸು ನಿಮ್ಮ ಮೇಜಿನ ಮೇಲೆ ನೆಟ್ಟಗೆ ನಿಂತು ತಿರುಗುತ್ತಿದೆ ಅಂದುಕೊಳ್ಳಿ. ಮೇಲಿನಿಂದ ನೋಡಿದರೆ ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತುತ್ತಿದೆ. ಇಂಥ ನ್ಯೂಕ್ಲಿಯಸ್ಸುಗಳಿಂದ ಎಲೆಕ್ಟ್ರಾನ್‌ಗಳು ಹೆಚ್ಚಾಗಿ ಕೆಳಗೆ ಹೋಗುತ್ತವೆ. ಅದರ ಅಡಿಯಲ್ಲಿ ಒಂದು ಕನ್ನಡಿ ಮಲಗಿಸಿ. ಕನ್ನಡಿಯೊಳಗೆ ಮೇಲು ಕೆಳಗಾಗುತ್ತದೆ, ಆದರೆ ತಿರುಗುವ ದಿಕ್ಕು ಬದಲಾಗುವುದಿಲ್ಲ. ಅಂದರೆ ಅಲ್ಲಿ ಅದೇ ಸುತ್ತಿನ ನ್ಯೂಕ್ಲಿಯಸ್ಸು ಎಲೆಕ್ಟ್ರಾನ್‌ಗಳನ್ನು ಹೆಚ್ಚಾಗಿ ಮೇಲಕ್ಕೆ ಕಳಿಸುತ್ತಿದೆ. ಅಂಥ ಕೋಬಾಲ್ಟ್ ಜಗತ್ತಿನಲ್ಲಿ ಎಲ್ಲೂ ಇಲ್ಲ. ಬಲಮುರಿ ಶಂಖದ ಹಾಗೆ ಅಪರೂಪ ಅಲ್ಲ, ಇಲ್ಲವೇ ಇಲ್ಲ. ಕನ್ನಡಿ ನಿಜವಾಗಿದ್ದರೆ ಮೇಲೆ ಕೆಳಗೆ ಎರಡೂ ಕಡೆ ಸಮ ಇರಬೇಕಿತ್ತು.

ಇದನ್ನು ಅಳೆದು ನೋಡಿದ್ದು ಕೊಲಂಬಿಯಾ ವಿಶ್ವವಿದ್ಯಾಲಯದ ಚಿಯೆನ್-ಶಿಯುಂಗ್ ವೂ. ಆಗ ಒಂದು ಒಗಟು ಎಲ್ಲರನ್ನೂ ಕಾಡುತ್ತಿತ್ತು. ಥೀಟಾ, ಟೌ ಅಂತ ಎರಡು ಕಣಗಳು. ತೂಕವೂ ಒಂದೇ, ಆಯುಸ್ಸೂ ಒಂದೇ. ಆದರೆ ಮೊದಲನೆಯದು ಎರಡು ಪಯಾನ್ ಕಣಗಳಾಗಿ ಒಡೆಯುತ್ತದೆ, ಇನ್ನೊಂದು ಮೂರಾಗಿ. ಪ್ಯಾರಿಟಿಯ ಲೆಕ್ಕದಲ್ಲಿ ಎರಡೂ ಒಂದೇ ಕಣ ಆಗಲು ಸಾಧ್ಯವೇ ಇರಲಿಲ್ಲ. ಲೀ ಮತ್ತು ಯಾಂಗ್ ಅನ್ನುವ ಇಬ್ಬರು ಭೌತವಿಜ್ಞಾನಿಗಳು ಹಳೆಯ ಪ್ರಯೋಗಗಳನ್ನೆಲ್ಲ ಜಾಲಾಡಿದರು. ವಿದ್ಯುತ್ಕಾಂತ ಬಲದಲ್ಲಿ, ಪ್ರಬಲ ಬಲದಲ್ಲಿ ಪ್ಯಾರಿಟಿಗೆ ಸಾಕ್ಷಿ ಬೇಕಾದಷ್ಟಿತ್ತು. ಬೀಟಾ ಕ್ಷಯಕ್ಕೆ ಕಾರಣವಾದ ದುರ್ಬಲ ಬಲದಲ್ಲಿ ಮಾತ್ರ ಅದನ್ನು ಯಾರೂ ಪರೀಕ್ಷೆ ಮಾಡಿಯೇ ಇರಲಿಲ್ಲ! ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ಬೆಚ್ಚಿಬೀಳಿಸುವ ಮಾತು ಇದೇ. ಅಷ್ಟು ವರ್ಷ ಬೀಟಾ ಕ್ಷಯ ಅಳೆದವರೆಲ್ಲ ಕನ್ನಡಿಯನ್ನು ಸುಮ್ನೆ ನಂಬಿಕೊಂಡಿದ್ದರು.

ಪ್ರಯೋಗ ನಡೆದದ್ದು 1956ರ ಕೊನೆಯಲ್ಲಿ, ವಾಷಿಂಗ್ಟನ್ನಿನ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿ. ಅಲ್ಲಿನ ಅರ್ನೆಸ್ಟ್ ಆಂಬ್ಲರ್ ಮತ್ತು ಜೊತೆಗಾರರಿಗೆ ಅತಿ ತಂಪಿನಲ್ಲಿ ನ್ಯೂಕ್ಲಿಯಸ್ಸುಗಳನ್ನು ಸಾಲುಗೂಡಿಸುವ ಕೆಲಸ ಗೊತ್ತಿತ್ತು. ನಮ್ಮ ಕೈಗಾದಂಥ ಯಾವುದೇ ರಿಯಾಕ್ಟರಿನ ಉಕ್ಕಿನಲ್ಲೂ ಕೋಬಾಲ್ಟ್-60 ಹುಟ್ಟುತ್ತದೆ. ಆದರೆ ಅಲ್ಲಿ ಒಂದೊಂದು ನ್ಯೂಕ್ಲಿಯಸ್ಸು ಒಂದೊಂದು ಕಡೆ ಮುಖ ಮಾಡಿರುತ್ತದೆ, ಹಾಗಾಗಿ ಎಲೆಕ್ಟ್ರಾನ್‌ಗಳೂ ಎಲ್ಲಾ ಕಡೆ ಸಮನಾಗಿ ಬರುತ್ತವೆ. ಎಲ್ಲದರ ಅಕ್ಷವನ್ನೂ ಒಂದೇ ಕಡೆ ತಿರುಗಿಸಬೇಕೆಂದರೆ ಬಿಸಿಯ ಅಲುಗಾಟ ನಿಲ್ಲಬೇಕು. ಅದಕ್ಕೆ ಸುಮಾರು 0.01 ಕೆಲ್ವಿನ್ ತಂಪು ಬೇಕಾಯಿತು. ಸೀರಿಯಂ ಮೆಗ್ನೀಸಿಯಂ ನೈಟ್ರೇಟ್ ಅನ್ನುವ ಹರಳಿನ ಮೇಲೆ ಕೋಬಾಲ್ಟಿನ ತೆಳು ಪದರ ಇಟ್ಟರು. ಪದರ ದಪ್ಪವಾದರೆ ಎಲೆಕ್ಟ್ರಾನ್‌ಗಳು ಒಳಗೇ ಸಿಕ್ಕಿಕೊಳ್ಳುತ್ತವೆ. ತೆಳುವಾಗಿ ಮೇಲ್ಮೈಯಲ್ಲಿದ್ದರೆ ಬೇಗ ಬಿಸಿಯಾಗುತ್ತದೆ. ಅದಕ್ಕೇ ಸುತ್ತಲೂ ಅದೇ ಹರಳಿನ ಗೂಡು ಕಟ್ಟಬೇಕಾಯಿತು. ಎಲೆಕ್ಟ್ರಾನ್ ಎಣಿಸಲು ಕೋಬಾಲ್ಟಿನ ಮೇಲೆ ಎರಡು ಸೆಂಟಿಮೀಟರ್ ದೂರದಲ್ಲಿ, ಆ ತಂಪಿನ ಪಾತ್ರೆಯೊಳಗೇ, ಆಂಥ್ರಸೀನ್ ಹರಳಿನ ಒಂದೇ ಒಂದು ಎಣಿಕೆ ಸಾಧನ. ಕೆಳಗೆ ಇನ್ನೊಂದು ಇಡುವ ಬದಲು ಕಾಂತಕ್ಷೇತ್ರವನ್ನೇ ಉಲ್ಟಾ ಮಾಡಿ ನ್ಯೂಕ್ಲಿಯಸ್ಸುಗಳನ್ನು ತಲೆಕೆಳಗು ಮಾಡುತ್ತಿದ್ದರು.

ನ್ಯೂಕ್ಲಿಯಸ್ಸುಗಳು ನಿಜವಾಗಿ ಸಾಲುಗೂಡಿವೆ ಅಂತ ಗೊತ್ತಾಗುವುದು ಹೇಗೆ? ಇಲ್ಲಿದೆ ಪ್ರಯೋಗದ ಜಾಣತನ. ಕೋಬಾಲ್ಟ್ ಎಲೆಕ್ಟ್ರಾನ್ ಬಿಟ್ಟು ನಿಕಲ್ ಆಗುತ್ತದೆ, ಆ ನಿಕಲ್ ತಕ್ಷಣ ಎರಡು ಗಾಮಾ ಕಿರಣ ಬಿಡುತ್ತದೆ. ಸಾಲುಗೂಡಿದ್ದಾಗ ಗಾಮಾ ಅಕ್ಷದ ಉದ್ದಕ್ಕೆ ಕಡಿಮೆ, ಪಕ್ಕಕ್ಕೆ ಜಾಸ್ತಿ ಬರುತ್ತದೆ. ಆ ವ್ಯತ್ಯಾಸ ಅಳೆದರೆ ಎಷ್ಟು ಪಾಲು ಸಾಲುಗೂಡಿದೆ ಅಂತ ತಿಳಿಯುತ್ತದೆ. ಸುಮಾರು ಶೇಕಡಾ 60 ಬಂತು. ಗಮನಿಸಿ, ಗಾಮಾ ವಿದ್ಯುತ್ಕಾಂತ ಬಲದ್ದು. ಕ್ಷೇತ್ರ ಮೇಲಿರಲಿ ಕೆಳಗಿರಲಿ ಅದರ ಎಣಿಕೆ ಬದಲಾಗಲಿಲ್ಲ. ಅದೇ ಹರಳಿನಿಂದ, ಅದೇ ನಿಮಿಷದಲ್ಲಿ ಬಂದ ಎಲೆಕ್ಟ್ರಾನ್‌ಗಳ ಎಣಿಕೆ ಬದಲಾಯಿತು. ಬೆಚ್ಚಗಿದ್ದಾಗ 100 ಬರುವ ಕಡೆ, ಕ್ಷೇತ್ರ ಒಂದು ದಿಕ್ಕಿಗಿದ್ದರೆ ಸುಮಾರು 120, ಇನ್ನೊಂದು ದಿಕ್ಕಿಗಿದ್ದರೆ ಸುಮಾರು 80.

ಕಾಂತಕ್ಷೇತ್ರವೇ ಎಲೆಕ್ಟ್ರಾನ್‌ಗಳನ್ನು ಬಗ್ಗಿಸಿರಬಹುದಲ್ವಾ ಅಂತ ನೀವು ಕೇಳಬಹುದು. ಹರಳು ಕೆಲವೇ ನಿಮಿಷಗಳಲ್ಲಿ ಬೆಚ್ಚಗಾಗುತ್ತಿತ್ತು. ಆಗ ಗಾಮಾದ ವ್ಯತ್ಯಾಸ ಮಾಯವಾಯಿತು, ಅದರ ಜೊತೆಜೊತೆಗೇ ಎಲೆಕ್ಟ್ರಾನ್‌ಗಳ 120–80ರ ವ್ಯತ್ಯಾಸವೂ ಹೋಯಿತು. ಕಾಂತಕ್ಷೇತ್ರ ಇದ್ದ ಹಾಗೇ ಇತ್ತು. ಹಾಗಾಗಿ ಕಾರಣ ಕ್ಷೇತ್ರ ಅಲ್ಲ, ನ್ಯೂಕ್ಲಿಯಸ್ಸಿನ ತಿರುಗುವಿಕೆಯೇ.

ಸುದ್ದಿ ಹಬ್ಬುವ ಹೊತ್ತಿನಲ್ಲಿ, 1957ರ ಜನವರಿಯಲ್ಲಿ, ದೇವರು ಎಡಚ ಅಂದರೆ ತಾನು ನಂಬುವುದಿಲ್ಲ ಅನ್ನುವ ಅರ್ಥದಲ್ಲಿ ಭೌತವಿಜ್ಞಾನಿ ಪೌಲಿ ಸ್ನೇಹಿತರಿಗೆ ಪತ್ರ ಬರೆದರು. ಇನ್ನೊಬ್ಬ ಭೌತವಿಜ್ಞಾನಿ ಫೈನ್‌ಮನ್ ಪ್ಯಾರಿಟಿ ಮುರಿಯುವುದಿಲ್ಲ ಅಂತ ಬಾಜಿ ಕಟ್ಟಿ 50 ಡಾಲರ್ ಸೋತರು. ಕೊಲಂಬಿಯಾದಲ್ಲೇ ಇನ್ನೊಂದು ತಂಡ ಮ್ಯೂಆನ್ ಅನ್ನುವ ಕಣಗಳಲ್ಲೂ ಇದೇ ಎಡಬಲ ಭೇದ ಕಂಡಿತು. ಅಲ್ಲಿಗೆ ವಾದ ಮುಗಿಯಿತು. ಆ ವರ್ಷದ ನೊಬೆಲ್ ಲೀ ಮತ್ತು ಯಾಂಗ್‌ಗೆ ಸಿಕ್ಕಿತು, ವೂ ಅವರಿಗೆ ಸಿಗಲಿಲ್ಲ. ಅದು ನನಗೆ ಇವತ್ತಿಗೂ ಅನ್ಯಾಯ ಅನ್ನಿಸುತ್ತದೆ.

ದುರ್ಬಲ ಬಲದ ಬಗ್ಗೆ ಇದು ಏನು ಹೇಳುತ್ತದೆ ಅನ್ನುವುದಕ್ಕೆ ಸಣ್ಣ ಲೆಕ್ಕ ಸಾಕು. ಕೋಬಾಲ್ಟಿನ ಸ್ಪಿನ್, ಅಂದರೆ ತಿರುಗುವಿಕೆಯ ಅಳತೆ, 5. ಹುಟ್ಟುವ ನಿಕಲ್‌ನದು 4. ಉಳಿದ 1 ಎಲೆಕ್ಟ್ರಾನ್‌ಗೆ ಅರ್ಧ, ಅದರ ಜೊತೆಗೇ ಹೊರಬೀಳುವ ಆಂಟಿನ್ಯೂಟ್ರಿನೋ ಅನ್ನುವ ಕಣಕ್ಕೆ ಅರ್ಧ ಹೋಗಬೇಕು. ಲೆಕ್ಕ ಸರಿಹೋಗಬೇಕಾದರೆ ಎರಡರ ಸ್ಪಿನ್ನೂ ಕೋಬಾಲ್ಟಿನ ದಿಕ್ಕಿಗೇ ಇರಬೇಕು. ಮೇಜಿನ ಮೇಲಿನ ಆ ನ್ಯೂಕ್ಲಿಯಸ್ಸಿನ ಸುತ್ತಿಗೆ ಸ್ಪಿನ್ ಮೇಲಕ್ಕಿದೆ ಅನ್ನುತ್ತಾರೆ. ಸ್ಪಿನ್ ಮೇಲಕ್ಕಿದ್ದರೂ ಎಲೆಕ್ಟ್ರಾನ್ ಹೆಚ್ಚಾಗಿ ಕೆಳಗೆ ಓಡುತ್ತದೆ. ಅಂದರೆ ಅದರ ಸ್ಪಿನ್ ಓಟಕ್ಕೆ ಎದುರು. ಇಂಥದ್ದನ್ನು ಎಡಗೈ ಕಣ ಅನ್ನುತ್ತಾರೆ. ದುರ್ಬಲ ಬಲದಲ್ಲಿ ಬೀಟಾ ಕ್ಷಯ ಮಾಡಿಸುವ ಭಾಗ ಎಡಗೈ ಎಲೆಕ್ಟ್ರಾನ್ ಮತ್ತು ಬಲಗೈ ಆಂಟಿನ್ಯೂಟ್ರಿನೋ ಜೊತೆ ಮಾತ್ರ ವ್ಯವಹರಿಸುತ್ತದೆ. ಕನ್ನಡಿ ಸ್ವಲ್ಪ ಬಿರುಕು ಬಿಟ್ಟದ್ದಲ್ಲ, ಇಲ್ಲಿ ಪ್ಯಾರಿಟಿ ಮುರಿಯಬಹುದಾದಷ್ಟೂ ಮುರಿದಿದೆ. ಹಾಗಿದ್ದರೂ 120–80 ಮಾತ್ರ ಕಂಡದ್ದು ಯಾಕೆ? ಎಲ್ಲ ನ್ಯೂಕ್ಲಿಯಸ್ಸುಗಳೂ ಸಾಲುಗೂಡಿರಲಿಲ್ಲ. ಎಣಿಸಿದ ಎಲೆಕ್ಟ್ರಾನ್‌ಗಳ ವೇಗ ಬೆಳಕಿನ ವೇಗದ ಸುಮಾರು 0.6 ಪಾಲು, ನಿಧಾನವಾದಷ್ಟೂ ಎಡಗೈತನ ಮಸುಕಾಗುತ್ತದೆ. ಜೊತೆಗೆ ಕೆಲವು ಹರಳಿಗೆ ಬಡಿದು ವಾಪಸ್ ಬಂದವು.

ಈ ಎಡಗೈ ನಿಯಮವನ್ನು ಸೂತ್ರಕ್ಕೆ ಇಳಿಸಿದವರಲ್ಲಿ ಮೊದಲಿಗರು ಕೇರಳದ ಇ.ಸಿ.ಜಿ. ಸುದರ್ಶನ್ ಮತ್ತು ಅವರ ಗುರು ಮಾರ್ಷಕ್.

ಕನ್ನಡಿ ಹಿಡಿಯುವಾಗ ಕಣಗಳ ಜಾಗದಲ್ಲಿ ಪ್ರತಿಕಣಗಳನ್ನೂ ಇಟ್ಟರೆ? ಆಗ ಲೆಕ್ಕ ಸರಿಯಾಗುತ್ತದೆ ಅಂತ ಎಲ್ಲರೂ ಸಮಾಧಾನ ಮಾಡಿಕೊಂಡರು. 1964ರಲ್ಲಿ ಕ್ರೋನಿನ್ ಮತ್ತು ಫಿಚ್ ತಟಸ್ಥ ಕೇಯಾನ್ ಅನ್ನುವ ಕಣಗಳನ್ನು ಎಣಿಸಿದಾಗ, ಆ ಲೆಕ್ಕದ ಪ್ರಕಾರ ಎರಡು ಪಯಾನ್‌ಗಳಾಗಿ ಒಡೆಯಲೇಬಾರದ ಕಣ ಸಾವಿರಕ್ಕೆ ಸುಮಾರು ಎರಡು ಸಲ ಹಾಗೆ ಒಡೆಯಿತು.