ಐಸೋಕ್ಲೈನ್: ಬಿಡಿಸದೆ ಪರಿಹಾರ ಗೀಚುವುದು

ಪ್ರಶ್ನೆ: dy/dx = x − y ಬಿಡಿಸಲು ಬರದಿದ್ದರೂ ಅದರ ಪರಿಹಾರದ ವಕ್ರರೇಖೆಯನ್ನು ಕೈಯಲ್ಲೇ ಗೀಚಬಹುದಾ?

ಗೀಚಬಹುದು. ಯಾವ ಬಿಂದುವಿನಲ್ಲಿ ವಕ್ರರೇಖೆಯ ಓರೆ (ಸ್ಲೋಪ್) ಎಷ್ಟು ಅಂತ ಸಮೀಕರಣವೇ ಹೇಳಿಬಿಡುತ್ತದೆ. ಒಂದೇ ಓರೆ ಇರುವ ಬಿಂದುಗಳನ್ನು ಸೇರಿಸಿದ ಗೆರೆಯೇ ಐಸೋಕ್ಲೈನ್.

ಇಲ್ಲಿ x − y = c ಅಂತ ಇಟ್ಟರೆ ಸಮಾಂತರ ಗೆರೆಗಳು ಸಿಗುತ್ತವೆ. ಗ್ರಾಫ್ ಹಾಳೆಯಲ್ಲಿ ಅವನ್ನು ಪೆನ್ಸಿಲ್‌ನಲ್ಲಿ ತೆಳ್ಳಗೆ ಎಳೆದು, ಪ್ರತಿಯೊಂದರ ಮೇಲೂ c ಓರೆಯ ಪುಟ್ಟ ಗೀಟುಗಳನ್ನು ಹಾಕಿ. y = x ಮೇಲೆ ಅಡ್ಡಕ್ಕೆ ಮಲಗಿದ ಪುಟ್ಟ ಗೀಟುಗಳು, y = x + 1 ಮೇಲೆ 45 ಡಿಗ್ರಿ ಇಳಿಯುವವು, y = x − 1 ಮೇಲೆ 45 ಡಿಗ್ರಿ ಏರುವವು.

ಈಗ (0, 1)ರಿಂದ ಹೊರಡಿ. ಮೊದಲು ಇಳಿಯುತ್ತೀರಿ, ಇಳಿತ ನಿಧಾನವಾಗುತ್ತದೆ, y = x ಗೆರೆಯನ್ನು ಅಡ್ಡವಾಗಿ ದಾಟುವಲ್ಲಿ ತಳ ಸಿಗುತ್ತದೆ. ಆಮೇಲೆ ಏರುತ್ತಾ y = x − 1ಕ್ಕೆ ಹತ್ತಿರವಾಗುತ್ತೀರಿ, ಮುಟ್ಟುವುದಿಲ್ಲ. ನಿಜವಾದ ಪರಿಹಾರ y = x − 1 + 2e^(−x); ತಳ x ≈ 0.69ರಲ್ಲಿ. ಕೈಚಿತ್ರದಲ್ಲಿ 0.6, 0.8 ಬಂದರೂ ಆಕಾರ ಸರಿಯೇ.

ಉಡುಪಿಯಲ್ಲಿ ನಾನು ಪಾಠ ಹೇಳುವ ಮಕ್ಕಳು ಪದೇ ಪದೇ ಎಡವುವುದು ಒಂದೇ ಕಡೆ: ಐಸೋಕ್ಲೈನನ್ನೇ ಪರಿಹಾರ ಅಂದುಕೊಂಡು ಅದರ ಮೇಲೇ ಪೆನ್ಸಿಲ್ ಓಡಿಸುತ್ತಾರೆ. ಗೆರೆಯ ಓರೆಯೂ ಅದರ ಮೇಲಿನ ಗೀಟುಗಳ ಓರೆಯೂ ಒಂದೇ ಆದರೆ ಮಾತ್ರ ಅದು ಪರಿಹಾರ. ಇಲ್ಲಿ ಹಾಗಿರುವುದು y = x − 1 ಒಂದೇ.